ಡಾಲರ್ ಏರಿದರೆ ಕೊನೆಯ ಸೆಮಿಸ್ಟರ್ ಫೀಸ್ ಕಟ್ಟೋದು ಹೇಗೆ?

ನಾನು ಬ್ಯಾಂಕೊಂದರ ವಿದೇಶಿ ವಿನಿಮಯ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಅಮೆರಿಕಕ್ಕೆ ಫೀಸ್ ಕಳಿಸೋಕೆ ಬರುವ ಅಪ್ಪ-ಅಮ್ಮಂದಿರ ಜೊತೆ ದಿನಾ ಮಾತಾಡ್ತೀನಿ. 2022ರ ಆರಂಭದಲ್ಲಿ ಒಂದು ಡಾಲರ್‌ಗೆ ಸುಮಾರು 75 ರೂಪಾಯಿ ಇತ್ತು. 2025ರ ಡಿಸೆಂಬರ್‌ನಲ್ಲಿ ಅದು 90 ದಾಟಿತು.

ಸಮಸ್ಯೆ ಏನಂದ್ರೆ, ಸಾಲ ಮಂಜೂರಾಗೋದು ರೂಪಾಯಿಯಲ್ಲಿ, ಫೀಸ್ ಇರೋದು ಡಾಲರ್‌ನಲ್ಲಿ. ಸಾಲದ ಮೊತ್ತ ಮೊದಲ ದಿನವೇ ನಿಗದಿಯಾಗುತ್ತೆ. ಹಣ ಹೋಗೋದು ಮಾತ್ರ ಸೆಮಿಸ್ಟರ್‌ಗೊಮ್ಮೆ, ಆ ದಿನದ ರೇಟಿನಲ್ಲಿ.

ಒಂದು ಉದಾಹರಣೆ ತಗೊಳ್ಳೋಣ. ದಾವಣಗೆರೆಯ ಹುಡುಗನೊಬ್ಬ ಎಂ.ಎಸ್. ಓದೋಕೆ ಹೋಗ್ತಾನೆ. ನಾಲ್ಕು ಸೆಮಿಸ್ಟರ್, ತಲಾ 12,000 ಡಾಲರ್. ಡಾಲರ್‌ಗೆ 85ರಂತೆ ಲೆಕ್ಕ ಹಾಕಿ 40.8 ಲಕ್ಷ ಸಾಲ ಮಾಡಿದ್ದಾರೆ. ಮೊದಲ ಕಂತು ಹೋಗಿದ್ದು 86ಕ್ಕೆ, ಎರಡನೆಯದು 88ಕ್ಕೆ. ಮೊಬೈಲ್‌ನಲ್ಲಿ ಕಾಣೋ ರೇಟಿಗಿಂತ ಬ್ಯಾಂಕ್ ಮಾರೋ ರೇಟ್ ಯಾವಾಗಲೂ ಜಾಸ್ತಿ ಇರುತ್ತೆ, ಅದೂ ಇದರಲ್ಲಿ ಸೇರಿದೆ. ಒಟ್ಟು 20.88 ಲಕ್ಷ ಖರ್ಚಾಯಿತು, 19.92 ಲಕ್ಷ ಉಳಿಯಿತು.

ಈಗ ಉಳಿದ ಸಾಲವನ್ನು ಉಳಿದ ಡಾಲರ್‌ನಿಂದ ಭಾಗಿಸಿ. 19.92 ಲಕ್ಷ ಭಾಗಿಸು 24,000 ಅಂದ್ರೆ 83. ಡಾಲರ್ 83ಕ್ಕೆ ಇಳಿದರೆ ಮಾತ್ರ ಈ ಸಾಲ ಸಾಕಾಗುತ್ತೆ! ಬ್ಯಾಂಕ್ ರೇಟ್ 90 ಇದ್ದರೆ 1.68 ಲಕ್ಷ ಕಡಿಮೆ ಬೀಳುತ್ತೆ. ಮೂರನೇ ಕಂತಿಗೆ ದುಡ್ಡು ಸಾಕಾಗೋದರಿಂದ ಇದು ಯಾರ ಕಣ್ಣಿಗೂ ಬೀಳಲ್ಲ. ಕೊನೆಯ ಸೆಮಿಸ್ಟರ್‌ನಲ್ಲಿ ಒಮ್ಮೆಲೇ ಎದುರಾಗುತ್ತೆ. ಫೀಸ್ ಬಾಕಿ ಇದ್ದರೆ ರಿಜಿಸ್ಟ್ರೇಷನ್ ನಿಲ್ಲಬಹುದು, ರಿಜಿಸ್ಟ್ರೇಷನ್ ಇಲ್ಲದಿದ್ದರೆ ವಿದ್ಯಾರ್ಥಿ ವೀಸಾಕ್ಕೇ ಕುತ್ತು.

ಹಾಗಾಗಿ ಪ್ರತಿ ಕಂತು ಹೋದ ಮೇಲೂ ಈ ಭಾಗಾಕಾರ ಮಾಡಿ. ಬಂದ ಸಂಖ್ಯೆ ಬ್ಯಾಂಕ್ ರೇಟಿಗಿಂತ ಕಡಿಮೆ ಇದ್ದು, ರೇಟ್ ಇಳಿಯದಿದ್ದರೆ ಕೊರತೆ ಖಚಿತ. ಹೆಚ್ಚುವರಿ ಸಾಲಕ್ಕೆ ಮತ್ತೆ ಕಾಗದಪತ್ರ, ಮತ್ತೆ ವಾರಗಟ್ಟಲೆ ಕಾಯಬೇಕು. ಅದಕ್ಕೇ ಎರಡನೇ ಸೆಮಿಸ್ಟರ್ ಮುಗಿಯುವಾಗಲೇ ಅರ್ಜಿ ಹಾಕಿ. ಇನ್ನೂ ಸಾಲ ತಗೊಂಡಿಲ್ಲ ಅಂದ್ರೆ, ಇವತ್ತಿನ ಬ್ಯಾಂಕ್ ರೇಟಿಗೆ ಶೇ. 5ರಿಂದ 8 ಸೇರಿಸಿ ಮಂಜೂರಾತಿ ಕೇಳಿ. ಬಳಸದ ಹಣಕ್ಕೆ ಬಡ್ಡಿ ಬೀಳಲ್ಲ.

ಸ್ವಂತ ಉಳಿತಾಯದಿಂದ ಕಟ್ಟುವವರು ಫೀಸನ್ನು ಎರಡು-ಮೂರು ಸಲ, ತಿಂಗಳ ಅಂತರದಲ್ಲಿ ಮಗನ ಅಲ್ಲಿನ ಖಾತೆಗೆ ಕಳಿಸಬಹುದು. ಇದರಿಂದ ಡಾಲರ್ ಅಗ್ಗವಾಗಲ್ಲ, ಪೂರ್ತಿ ಹಣ ದುಬಾರಿ ದಿನವೊಂದರಲ್ಲೇ ಹೋಗೋದು ತಪ್ಪುತ್ತೆ ಅಷ್ಟೇ. ಪ್ರತಿ ಸಲವೂ ಶುಲ್ಕ ಇರೋದರಿಂದ ತೀರಾ ಚಿಕ್ಕ ಚಿಕ್ಕ ಕಂತು ಬೇಡ. ಸಾಲದ ಹಣದಲ್ಲಿ ಹೀಗೆ ಮಾಡೋಕೆ ಹೋಗಬೇಡಿ, ಬೇಗ ತೆಗೆದಷ್ಟೂ ಬಡ್ಡಿ ಬೇಗ ಶುರುವಾಗುತ್ತೆ.

ಕೌಂಟರ್‌ನಲ್ಲಿ "ಇನ್ನೆರಡು ದಿನ ಕಾದರೆ ಡಾಲರ್ ಇಳಿಯುತ್ತಾ ಮೇಡಂ?" ಅಂತ ಕೇಳ್ತಾರೆ. ಅದು ನನಗೂ ಗೊತ್ತಿರಲ್ಲ. ಕೊನೇ ದಿನಾಂಕ ಯಾವುದು ಅಂತ ನಾನು ಮೊದಲು ಕೇಳ್ತೀನಿ. ಹಣ ತಲುಪೋಕೆ ಕೆಲವು ದಿನ ಬೇಕು, ತಡವಾದರೆ ದಂಡವನ್ನೂ ಡಾಲರ್‌ನಲ್ಲೇ ಕಟ್ಟಬೇಕು.