ಕಂಬವೂ ಸಿಗ್ನಲ್ಲಾ? 'ನಾನು ರೋಬೋ ಅಲ್ಲ' ಮೀಮ್‌ಗಳ ಹಿಂದಿನ ಕಥೆ

ಇವತ್ತು ಕ್ಯಾಪ್ಚಾ ಬಗ್ಗೆ ಮಾತಾಡೋಣ. ಅದೇ, ಟ್ರಾಫಿಕ್ ಲೈಟ್ ಇರೋ ಚೌಕಗಳನ್ನೆಲ್ಲ ಒತ್ತಿ ಅನ್ನುತ್ತಲ್ಲ, ಅದು. ಅದರ ಮೇಲೆ ಬಂದಿರೋ ಮೀಮ್‌ಗಳಿಗೆ ಲೆಕ್ಕವೇ ಇಲ್ಲ. 'ನಿಮ್ಮ ಪಶ್ಚಾತ್ತಾಪ ಇರುವ ಚೌಕಗಳನ್ನು ಆರಿಸಿ' ಅಂತ ಒಂಬತ್ತು ಖಾಲಿ ಚೌಕ ಇರೋದು, 'I'm not a robot' ಅನ್ನೋ ಬಾಕ್ಸನ್ನು ಒಂದು ಯಂತ್ರದ ಕೈ ಬಂದು ಟಿಕ್ ಮಾಡೋದು, ಇಂಥವು. ಆದರೆ ಈ ಹುಚ್ಚಾಟ ಶುರುವಾಗಿದ್ದು ಚಿತ್ರಗಳಿಂದ ಅಲ್ಲ, ಎರಡು ಪದಗಳಿಂದ.

2011ರಲ್ಲಿ ರೆಡಿಟ್‌ನಲ್ಲಿ ಒಂದು ಕಾಮಿಕ್ ಬಂತು. ಒಬ್ಬ ಏನೋ ಕೆಲಸಕ್ಕೆ ಕೂತಿದ್ದಾನೆ, ಕ್ಯಾಪ್ಚಾ ಬರುತ್ತೆ. ಅದರಲ್ಲಿ ಸೊಟ್ಟ ಅಕ್ಷರದಲ್ಲಿ 'inglip summoned' ಅಂತ ಇದೆ. ಅಂದ್ರೆ, ಇಂಗ್ಲಿಪ್‌ನನ್ನು ಆವಾಹನೆ ಮಾಡಲಾಗಿದೆ! ಯಾರೀ ಇಂಗ್ಲಿಪ್? ಯಾರಿಗೂ ಗೊತ್ತಿಲ್ಲ. ಅಷ್ಟೇ ಸಾಕಾಯ್ತು. ಜನ ಇಂಗ್ಲಿಪ್‌ನನ್ನ ಒಬ್ಬ ಕರಾಳ ದೇವರನ್ನಾಗಿ ಮಾಡಿಬಿಟ್ರು. ಮುಂದೆ ಬರೋ ಪ್ರತಿ ಕ್ಯಾಪ್ಚಾನೂ ಅವನ ಅಪ್ಪಣೆ. ಅವನ ಭಕ್ತರಿಗೆ 'ಗ್ರೋಪಗಾ' ಅಂತ ಹೆಸರೂ ಬಿತ್ತು. ಮೈಮೇಲೆ ದೇವರು ಬಂದವರ ಬಾಯಿಂದ ಅರ್ಧಂಬರ್ಧ ಮಾತು ಬರುತ್ತಲ್ಲ, ಸುತ್ತ ನಿಂತವರು ಅದಕ್ಕೆ ಅರ್ಥ ಹೇಳ್ತಾರಲ್ಲ, ಹಾಗೇ ಇತ್ತು ಇದು.

ಆ ಪದಗಳು ಅಷ್ಟು ವಿಚಿತ್ರವಾಗಿ ಯಾಕಿದ್ವು? ಇಲ್ಲಿದೆ ನೋಡಿ ಮಜಾ.

ಕ್ಯಾಪ್ಚಾ ಮಾಡಿದವರಲ್ಲಿ ಲೂಯಿಸ್ ವಾನ್ ಆನ್ ಒಬ್ಬರು. ಗ್ವಾಟೆಮಾಲಾದವರು, ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿದ್ದರು. ಮುಂದೆ ಡ್ಯುಯೋಲಿಂಗೋ ಕಟ್ಟಿದವರಲ್ಲೂ ಇವರಿದ್ದಾರೆ. ಇವರೊಂದು ಲೆಕ್ಕ ಹಾಕಿದ್ರು. ಜಗತ್ತಿನಲ್ಲಿ ದಿನಕ್ಕೆ ಸುಮಾರು 20 ಕೋಟಿ ಕ್ಯಾಪ್ಚಾ ಟೈಪ್ ಆಗ್ತಿದೆ, ಒಂದೊಂದಕ್ಕೆ 10 ಸೆಕೆಂಡ್. ಅಂದ್ರೆ ದಿನಕ್ಕೆ 5 ಲಕ್ಷ ಗಂಟೆಗೂ ಹೆಚ್ಚು ಮನುಷ್ಯರ ಸಮಯ ಸುಮ್ನೆ ಹೋಗ್ತಿದೆ. ಇದನ್ನ ಯಾವುದಾದ್ರೂ ಕೆಲಸಕ್ಕೆ ಹಚ್ಚೋಣ ಅಂತ 2007ರಲ್ಲಿ ರೀಕ್ಯಾಪ್ಚಾ ತಂದ್ರು. 2009ರಲ್ಲಿ ಗೂಗಲ್ ಅದನ್ನ ಕೊಂಡುಕೊಳ್ತು.

ಕೆಲಸ ಏನು ಅಂದ್ರೆ, ಹಳೇ ಪುಸ್ತಕ, ಹಳೇ ಪತ್ರಿಕೆ ಓದೋದು. ಸ್ಕ್ಯಾನ್ ಮಾಡಿದ ಪುಟವನ್ನು ಕಂಪ್ಯೂಟರ್ ಓದುತ್ತೆ. ಶಾಯಿ ಹರಡಿರೋ, ಅಕ್ಷರ ಮಾಸಿರೋ ಕಡೆ ತಡವರಿಸುತ್ತೆ. ಹಾಗೆ ಸಿಕ್ಕಿಹಾಕಿಕೊಂಡ ಪದವನ್ನ ಕತ್ತರಿಸಿ ನಿಮ್ಮ ಮುಂದೆ ಇಡೋದು. ಪಕ್ಕದಲ್ಲಿ ಉತ್ತರ ಮೊದಲೇ ಗೊತ್ತಿರೋ ಇನ್ನೊಂದು ಪದ. ಯಾವುದು ಯಾವುದು ಅಂತ ನಿಮಗೆ ಹೇಳಲ್ಲ. ಗೊತ್ತಿರೋ ಪದವನ್ನ ಸರಿಯಾಗಿ ಟೈಪ್ ಮಾಡಿದ್ರೆ ನೀವು ಮನುಷ್ಯ, ನೀವು ಪಾಸ್. ಇನ್ನೊಂದಕ್ಕೆ ನೀವು ಹೊಡೆದಿದ್ದನ್ನ ಒಂದು ವೋಟ್ ಅಂತ ಇಟ್ಕೊಳ್ತಾರೆ. ಬೇರೆಬೇರೆ ಜನ ಅದನ್ನೇ ಹೊಡೆದ್ರೆ ಆ ಪದ ಖಾಯಂ.

ಹೀಗಾಗಿ ಯಾವುದೋ ವಾಕ್ಯದಿಂದ ಕಿತ್ತು ಬಂದ ಒಂದು ಪದ, ಅದಕ್ಕೆ ಸಂಬಂಧವೇ ಇಲ್ಲದ ಇನ್ನೊಂದು ಪದ ಒಟ್ಟಿಗೆ ಕೂತವು. ಅದಕ್ಕೇ ಅದು ಶಾಪದ ಥರ, ಕಣಿ ಹೇಳಿದ ಥರ ಕೇಳಿಸ್ತಿತ್ತು. ಕಿಡಿಗೇಡಿಗಳಿಗೆ ಇನ್ನೊಂದು ಗುಟ್ಟೂ ಹೊಳೀತು. ಉತ್ತರ ಗೊತ್ತಿಲ್ಲದ ಪದ ಯಾವುದು ಅಂತ ಊಹಿಸಿ, ಅದರ ಜಾಗದಲ್ಲಿ ಬಾಯಿಗೆ ಬಂದಿದ್ದನ್ನ ಹೊಡೆದರೂ ಪಾಸ್ ಆಗ್ತಿತ್ತು!

ಆಮೇಲೆ ಯಂತ್ರಗಳು ಸೊಟ್ಟ ಅಕ್ಷರಗಳನ್ನ ಚೆನ್ನಾಗೇ ಓದೋಕೆ ಕಲಿತವು. 2014ರ ಕೊನೆಯಲ್ಲಿ ಟಿಕ್ ಬಾಕ್ಸ್ ಬಂತು, ಅನುಮಾನ ಬಂದರೆ ಮಾತ್ರ ಚಿತ್ರ. ಯಂತ್ರದ ಕೈ ಟಿಕ್ ಮಾಡೋ ವಿಡಿಯೋಗೆ ನಾವೆಲ್ಲ ನಕ್ಕಿದ್ದೀವಿ. ಆದ್ರೆ ಪರೀಕ್ಷೆ ಬರೀ ಆ ಟಿಕ್‌ನದ್ದಲ್ಲ. ನಿಮ್ಮ ಬ್ರೌಸರ್, ಅದರಲ್ಲಿರೋ ಕುಕೀಗಳು, ಪುಟದಲ್ಲಿ ನೀವು ಹೇಗೆ ಓಡಾಡಿದ್ರಿ, ಇವೆಲ್ಲ ಸೇರಿ ನಿಮಗೆ ಅಂಕ ಹಾಕುತ್ತೆ. ಇನ್‌ಕಾಗ್ನಿಟೋದಲ್ಲಿ ಹೋದಾಗ ಬಸ್ಸು, ಸೈಕಲ್ಲು ಅಂತ ಜಾಸ್ತಿ ಸತಾಯಿಸೋದು ಅದಕ್ಕೇ.

ಈಗ ಕಂಬದ ವಿಷಯ. ಒಂದು ಬಗೆಯಲ್ಲಿ ಒಂಬತ್ತು ಬೇರೆಬೇರೆ ಫೋಟೋ ಇರ್ತವೆ, ಅದು ಸುಲಭ. ಇನ್ನೊಂದರಲ್ಲಿ ಒಂದೇ ಫೋಟೋವನ್ನ 16 ಚೌಕ ಮಾಡಿರ್ತಾರೆ. ಸಿಗ್ನಲ್ ಲೈಟಿನ ಅಂಚು ಪಕ್ಕದ ಚೌಕಕ್ಕೆ ಒಂದು ಕೂದಲೆಳೆಯಷ್ಟು ದಾಟಿರುತ್ತೆ. ಒತ್ತಬೇಕಾ, ಬೇಡವಾ? ಕೆಳಗಿನ ಕಂಬ? ನಿಮಗೆ ನಿಯಮ ಹೇಳಿರಲ್ಲ. ಹಾಗಾಗಿ ನೀವು 'ಯಾವುದು ಸರಿ' ಅನ್ನೋದು ಬಿಟ್ಟು 'ಬಾಕಿ ಜನ ಏನು ಒತ್ತಿರ್ತಾರೆ' ಅಂತ ಯೋಚನೆ ಮಾಡ್ತೀರಿ. ನನ್ನ ಪ್ರಕಾರ ಆ ಮೀಮ್ ಅಷ್ಟು ನಾಟೋದು ಇದಕ್ಕೇ. ಮನುಷ್ಯ ಅನ್ನಿಸಿಕೊಳ್ಳೋಕೆ ಮಂದೆ ಜೊತೆ ಹೋಗಬೇಕು. ಅದರಲ್ಲೂ ನಮ್ಮ ಕಷ್ಟ ಬೇರೆ. 'Crosswalk' ಅಂದ್ರೆ ಝೀಬ್ರಾ ಕ್ರಾಸಿಂಗ್ ಅಂತ ಹೇಗೋ ಗೊತ್ತಾಯ್ತು. 'Fire hydrant'? ಅಮೆರಿಕದ ಬೀದಿಯಲ್ಲಿ ಬೆಂಕಿ ಆರಿಸೋಕೆ ಇಟ್ಟಿರೋ ಆ ಗುಜ್ಜ ನಲ್ಲಿ ಕಂಬವನ್ನ ಹುಬ್ಬಳ್ಳಿಯ ಹುಡುಗ ಮೊದಲು ನೋಡೋದೇ ಕ್ಯಾಪ್ಚಾದಲ್ಲಿ.

ಇಷ್ಟೆಲ್ಲ ಮಾಡಿ ರೋಬೋ ತಡೀತಾ? 2024ರಲ್ಲಿ ಸ್ವಿಟ್ಜರ್ಲೆಂಡಿನ ಇಟಿಎಚ್ ಝೂರಿಕ್‌ನ ಸಂಶೋಧಕರು ಚಿತ್ರ ಗುರುತಿಸೋ ಒಂದು ಪ್ರೋಗ್ರಾಂ ಬಳಸಿ, ಈ ಚಿತ್ರದ ಕ್ಯಾಪ್ಚಾಗಳನ್ನ ನೂರಕ್ಕೆ ನೂರು ಬಿಡಿಸಿ ತೋರಿಸಿದ್ರು. ಪರದಾಡೋದು ನಾವು ಮಾತ್ರ.

ಈಗ ನಗು ಸ್ವಲ್ಪ ಪಕ್ಕಕ್ಕಿಡಿ. ಕ್ಯಾಪ್ಚಾ ಎಂಥ ಅಸಂಬದ್ಧ ಕೆಲಸ ಹೇಳಿದ್ರೂ ತಲೆ ಕೆಡಿಸಿಕೊಳ್ಳದೆ ಮಾಡೋದು ನಮಗೆ ರೂಢಿಯಾಗಿಬಿಟ್ಟಿದೆ. ಕಳ್ಳರು ಕಣ್ಣಿಟ್ಟಿರೋದು ಈ ರೂಢಿ ಮೇಲೆ.

ಫೋನಿನಲ್ಲಿ ಹೀಗಾಗುತ್ತೆ. ನೀವು ಫ್ರೀಯಾಗಿ ಮ್ಯಾಚ್ ನೋಡೋ ಲಿಂಕ್ ಹುಡುಕ್ತಿದ್ದೀರಿ ಅಂದುಕೊಳ್ಳಿ. ಒಂದು ಪುಟ ತೆರೆಯುತ್ತೆ, ಮುದ್ದಾದ ರೋಬೋ ಚಿತ್ರ, ಕೆಳಗೆ 'Click Allow to confirm you are not a robot'. ಜೊತೆಗೆ ಒಂದು ಪುಟ್ಟ ಪೆಟ್ಟಿಗೆ, ಅದರಲ್ಲಿ 'Allow', 'Block'. ಈ ಪೆಟ್ಟಿಗೆ ಕ್ಯಾಪ್ಚಾ ಅಲ್ಲ, ನಿಮ್ಮ ಬ್ರೌಸರ್‌ನದ್ದು. ಈ ಸೈಟ್ ನಿಮಗೆ ನೋಟಿಫಿಕೇಷನ್ ಕಳಿಸಬಹುದಾ ಅಂತ ಕೇಳ್ತಿದೆ, ಅಷ್ಟೇ. 'Allow' ಒತ್ತಿದ್ರಿ ಅಂದ್ರೆ, ಸ್ವಲ್ಪ ಹೊತ್ತಿಗೆ 'ನಿಮ್ಮ ಫೋನಿಗೆ ವೈರಸ್ ಬಂದಿದೆ', 'ಬಹುಮಾನ ಗೆದ್ದಿದ್ದೀರಿ' ಅಂತ ಶುರು. ಅದನ್ನ ಮುಟ್ಟಿದ್ರೆ ನಕಲಿ ಆ್ಯಪ್, ದುಡ್ಡು ಕೇಳೋ ಪುಟ.

ಬರೀ 'Allow' ಒತ್ತಿ ಬಿಟ್ಟಿದ್ರೆ ಗಾಬರಿ ಬೇಡ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಮೂರು ಚುಕ್ಕಿ ಒತ್ತಿ 'Settings', ಆಮೇಲೆ 'Site settings', ಅಲ್ಲಿ 'Notifications'. ಗುರುತಿಲ್ಲದ ಸೈಟಿನ ಹೆಸರು ಕಾಣುತ್ತೆ, ಅದನ್ನ ಆಫ್ ಮಾಡಿ. ಬಂದು ಬಿದ್ದಿರೋ ನೋಟಿಫಿಕೇಷನ್ನನ್ನ ಮಾತ್ರ ತೆರೀಬೇಡಿ, ಪಕ್ಕಕ್ಕೆ ಸರಿಸಿ.

ಲ್ಯಾಪ್‌ಟಾಪ್‌ನಲ್ಲಿ ಇದರ ದೊಡ್ಡಣ್ಣ ಇದಾನೆ. ನೀವು ಟಿಕ್ ಬಾಕ್ಸ್ ಒತ್ತಿದ ಕೂಡಲೇ ಪುಟ ಗುಟ್ಟಾಗಿ ಒಂದು ಕಮಾಂಡ್ ಕಾಪಿ ಮಾಡಿಬಿಡುತ್ತೆ. ಆಮೇಲೆ 'ಪರಿಶೀಲನೆಗೆ Win+R ಒತ್ತಿ, Ctrl+V ಒತ್ತಿ, Enter ಒತ್ತಿ' ಅನ್ನುತ್ತೆ. ಮೂರೇ ಹೆಜ್ಜೆ. ಅಷ್ಟಕ್ಕೆ ನೀವೇ ಕೈಯಾರೆ ನಿಮ್ಮ ಕಂಪ್ಯೂಟರ್‌ನಲ್ಲಿ ಕಳ್ಳ ಪ್ರೋಗ್ರಾಂ ಓಡಿಸಿರ್ತೀರಿ. ಬ್ರೌಸರ್‌ನಲ್ಲಿ ಸೇವ್ ಮಾಡಿದ ಪಾಸ್‌ವರ್ಡ್‌ಗಳು ಹೋದ ಹಾಗೇ. ಅಲ್ಲಿವರೆಗೆ ಹೋಗಿಬಿಟ್ಟಿದ್ರೆ ಇಂಟರ್ನೆಟ್ ಕಡಿದು, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ, ಮೊದಲು ಇಮೇಲ್‌ದು, ಆಮೇಲೆ ಬ್ಯಾಂಕ್‌ದು.

ಅಸಲಿ ಕ್ಯಾಪ್ಚಾ ತನ್ನ ಪೆಟ್ಟಿಗೆ ಬಿಟ್ಟು ಆಚೆ ಬರಲ್ಲ. ಬಸ್ಸು ಹುಡುಕು ಅನ್ನುತ್ತೆ, ಕಂಬದ ವಿಷಯದಲ್ಲಿ ತಲೆ ತಿನ್ನುತ್ತೆ. ನೋಟಿಫಿಕೇಷನ್‌ಗೆ 'Allow' ಕೊಡು, ಈ ಆ್ಯಪ್ ಹಾಕ್ಕೋ, ಈ ಕಮಾಂಡ್ ಪೇಸ್ಟ್ ಮಾಡು ಅಂದ್ರೆ ಆ ಟ್ಯಾಬನ್ನ ಅಲ್ಲೇ ಮುಚ್ಚಿ. ಮ್ಯಾಚಿನ ಸ್ಕೋರ್ ಬೇರೆ ಕಡೆನೂ ಸಿಗುತ್ತೆ.