‘ಮಾಡಲೇಬೇಕು’ಯಿಂದ ‘ಕೇಳೋಣ’ವರೆಗೆ: ಒಂದು ಸಾಲು ತಿದ್ದಿದ ಕಥೆ

ಇವತ್ತು ಒಂದೇ ಒಂದು ಸಾಲಿನ ಬಗ್ಗೆ ಮಾತಾಡ್ತೀನಿ. ಪುಣೆಯಲ್ಲಿ ನಮ್ಮ ಕನ್ನಡ ಗೆಳೆಯರ ಗುಂಪು ಒಂದು ಮೇಜಿನ ಕ್ಯಾಲೆಂಡರ್ ಮಾಡಿತು. ತಿಂಗಳಿಗೊಂದು ಸೂಕ್ತಿ. ಜನವರಿಗೆ ಬಂದ ಸಾಲು ಇದು:

“ಎಷ್ಟೇ ಕೆಲಸವಿದ್ದರೂ ಪ್ರತಿಯೊಬ್ಬರೂ ದಿನಕ್ಕೊಮ್ಮೆ ಹೆತ್ತವರಿಗೆ ಫೋನ್ ಮಾಡಲೇಬೇಕು, ಇದು ಮಕ್ಕಳ ಆದ್ಯ ಕರ್ತವ್ಯ.”

ವಿಷಯ ಸರಿಯೇ. ಆದರೆ ಓದಿದ ಕೂಡಲೇ ಯಾರೋ ಬೆರಳು ತೋರಿಸಿ ಮಾತಾಡಿದ ಹಾಗಿದೆ. ಯಾಕೆ ಹೀಗೆ? ‘ಮಾಡಬೇಕು’ ಅಂದರೆ ಸಾಕಿತ್ತು. ನಡುವೆ ಒಂದು ‘ಏ’ ಸೇರಿ ‘ಮಾಡಲೇಬೇಕು’ ಆಗಿದೆ. ಅದು ಸಾಲದು ಅಂತ ‘ಆದ್ಯ ಕರ್ತವ್ಯ’ದ ಮುದ್ರೆ ಬೇರೆ. ಮೊದಲ ಕತ್ತರಿ ಅಲ್ಲಿಗೇ ಹಾಕಿದೆವು. ‘ಪ್ರತಿಯೊಬ್ಬರೂ’ ಕೂಡ ಹೋಯಿತು.

“ಎಷ್ಟೇ ಕೆಲಸವಿದ್ದರೂ ದಿನಕ್ಕೊಮ್ಮೆ ಹೆತ್ತವರಿಗೆ ಫೋನ್ ಮಾಡಿ.”

ಸಾಲು ಚಿಕ್ಕದಾಯಿತು, ಮೃದು ಆಗಲಿಲ್ಲ. ‘ಮಾಡಿ’ ಅನ್ನೋದು ಮರ್ಯಾದೆಯ ರೂಪ, ನಿಜ. ಆದರೆ ‘ಚಪ್ಪಲಿ ಹೊರಗೆ ಬಿಡಿ’ ಅನ್ನುವ ಬೋರ್ಡಿನಲ್ಲೂ ಅದೇ ಮರ್ಯಾದೆ ಇರುತ್ತೆ. ಹೇಳುವವರು ಒಂದು ಕಡೆ, ಕೇಳುವವರು ಇನ್ನೊಂದು ಕಡೆ. ಈ ಅಂತರ ಕಡಿಮೆ ಮಾಡೋಕೆ ಕನ್ನಡದಲ್ಲಿ ‘-ಓಣ’ ಇದೆ.

“ಎಷ್ಟೇ ಕೆಲಸವಿದ್ದರೂ ದಿನಕ್ಕೊಮ್ಮೆ ಹೆತ್ತವರಿಗೆ ಫೋನ್ ಮಾಡೋಣ.”

ಈಗ ಹೇಳುವವರೂ ನಮ್ಮ ಜೊತೆ ಬಂದು ಕೂತರು. ಹಾಗಂತ ಕೆಲಸ ಮುಗಿಯಲಿಲ್ಲ. ಇಲ್ಲಿ ನಾನು ಒಂದು ಸಣ್ಣ ಪರೀಕ್ಷೆ ಮಾಡ್ತೀನಿ. ಸಾಲಿನ ಕೊನೆಗೆ ‘ಗೊತ್ತಾಯ್ತಾ?’ ಸೇರಿಸಿ ಜೋರಾಗಿ ಓದಿ. “ಫೋನ್ ಮಾಡಲೇಬೇಕು, ಗೊತ್ತಾಯ್ತಾ?” ಸಲೀಸಾಗಿ ಹೊಂದುತ್ತೆ. “ಫೋನ್ ಮಾಡೋಣ, ಗೊತ್ತಾಯ್ತಾ?” ಇದೂ ಹೊಂದುತ್ತೆ! ಪ್ರೈಮರಿ ಶಾಲೆ ಟೀಚರ್ ‘ಎಲ್ಲರೂ ಕೈ ಕಟ್ಟಿ ಕೂತ್ಕೊಳ್ಳೋಣ’ ಅಂದ ಹಾಗೆ. ‘-ಓಣ’ ಇದ್ದರೂ ಅದು ಆಜ್ಞೆಯೇ.

ಕಾರಣ ಸಾಲಿನ ಶುರುವಿನಲ್ಲಿದೆ. ‘ಎಷ್ಟೇ ಕೆಲಸವಿದ್ದರೂ’ ಅಂದಾಗ, ಓದುವವನು ನೆಪ ಹೇಳುವ ಮೊದಲೇ ಅವನ ನೆಪವನ್ನು ತಳ್ಳಿಹಾಕಿದ ಹಾಗೆ. ಅವನು ಫೋನ್ ಮಾಡಲ್ಲ ಅಂತ ನಾವೇ ತೀರ್ಮಾನ ಮಾಡಿಬಿಟ್ಟಿದ್ದೀವಿ. ಅದನ್ನು ತೆಗೆದೆವು. ‘ಹೆತ್ತವರು’ ಅನ್ನುವ ಭಾಷಣದ ಪದದ ಜಾಗಕ್ಕೆ ‘ಅಮ್ಮ’ ಬಂತು. ಆಗ ಒಬ್ಬ ಗೆಳೆಯ ಹೀಗೆ ಬರೆದ:

“ಊರಲ್ಲಿ ಅಮ್ಮ ಫೋನ್ ಹಿಡಿದು ಕಾಯ್ತಾ ಇರ್ತಾಳೆ, ನೆನಪಿದೆಯಾ?”

ಇದರಲ್ಲಿ ‘ಬೇಕು’ ಇಲ್ಲ, ‘ಮಾಡಿ’ ಇಲ್ಲ. ಆದರೂ ಚುಚ್ಚುತ್ತೆ. ‘ನೆನಪಿದೆಯಾ?’ ಅಂತ ಕೇಳಿದರೆ ತಲೆ ತಗ್ಗಿಸೋದು ಬಿಟ್ಟು ಬೇರೆ ಉತ್ತರ ಇಲ್ಲ. ಉಪದೇಶದ ಬದಲು ಅಪರಾಧಿ ಭಾವ ಬಂತು, ಅಷ್ಟೇ. ರಾತ್ರಿ ಹತ್ತರ ತನಕ ಕಾಲ್‌ನಲ್ಲಿ ಕೂತು ಎದ್ದವನಿಗೆ ಇದು ಇನ್ನೊಂದು ಎಸ್ಕಲೇಷನ್ ಥರ ಕೇಳಿಸುತ್ತೆ.

ಹಾಗಾಗಿ ಕಾಯುವ ಅಮ್ಮನನ್ನು ಬಿಟ್ಟು ಮಾತಾಡುವ ಅಮ್ಮನನ್ನು ಹುಡುಕಿದೆವು. ಫೋನ್ ಎತ್ತಿದ ಕೂಡಲೇ ಅವಳು ಏನಂತಾಳೆ?

“‘ಊಟ ಆಯ್ತಾ?’ ಅಂತ ದಿನಾ ಕೇಳೋದು ಅಮ್ಮ. ಇವತ್ತು ನಾವೇ ಮೊದಲು ಕೇಳೋಣ.”

ಇದಕ್ಕೆ ‘ಗೊತ್ತಾಯ್ತಾ?’ ಸೇರಿಸಿ ನೋಡಿ. ಅಂಟಿಕೊಳ್ಳಲ್ಲ. ಮೊದಲ ವಾಕ್ಯ ಎಲ್ಲರಿಗೂ ಗೊತ್ತಿರುವ ಸಂಗತಿ, ಅಲ್ಲಿ ಯಾರ ತಪ್ಪೂ ಇಲ್ಲ. ಎರಡನೆಯದು ಕೇಳೋದು ಇವತ್ತಿನ ಒಂದು ಮಾತು ಮಾತ್ರ, ದಿನಾ ಪಾಲಿಸುವ ವ್ರತ ಅಲ್ಲ. ‘ದಿನಾ’ ಅನ್ನೋದು ನಮ್ಮ ಕಡೆಯಿಂದ ಅಮ್ಮನ ಕಡೆಗೆ ಹೋಯಿತು, ನೋಡಿ. ಅಲ್ಲೇ ಇಡೀ ಸಾಲಿನ ದನಿ ಬದಲಾಯಿತು.

ಅಷ್ಟಾದ ಮೇಲೆ ಗುಂಪಿನಲ್ಲಿ ಒಬ್ಬರು ಮೆಲ್ಲಗೆ ಹೇಳಿದರು, “ಸಾಲು ಚೆನ್ನಾಗಿದೆ. ಆದರೆ ನಮ್ಮಮ್ಮ ಹೋಗಿ ಒಂದು ವರ್ಷ ಆಯ್ತು.” ಕ್ಯಾಲೆಂಡರ್ ಒಂದು ತಿಂಗಳು ಪೂರ್ತಿ ಕಣ್ಣೆದುರು ಇರುತ್ತೆ. ಹಾಗಾಗಿ ಇನ್ನೊಮ್ಮೆ ತಿದ್ದಿದೆವು:

“ಊರಿಂದ ಫೋನ್ ಬಂದರೆ ಮೊದಲ ಮಾತು ‘ಊಟ ಆಯ್ತಾ?’ ಇವತ್ತು ನಾವೇ ಮೊದಲು ಕೇಳೋಣ.”

ಅಮ್ಮ ಹೋದದ್ದು ಸ್ವಲ್ಪ ನಷ್ಟವೇ. ಆದರೆ ಈಗ ಆ ಜಾಗದಲ್ಲಿ ಅಪ್ಪ, ಅಕ್ಕ, ಅಜ್ಜಿ, ಯಾರು ಬೇಕಾದರೂ ಬರಬಹುದು. ಧಾರವಾಡದ ಕಡೆಯವರು ಅದನ್ನೇ ‘ಊಟ ಆತೇನು?’ ಅಂತ ಓದ್ಕೋತಾರೆ.

ಎಲ್ಲ ಸಾಲನ್ನೂ ಹೀಗೆ ತಿದ್ದಬೇಕಾಗಿಲ್ಲ. ‘ಬೆಂಕಿ ಬಿದ್ದಾಗ ಲಿಫ್ಟ್ ಬಳಸಬೇಡಿ’ ಅನ್ನೋದು ಹಾಗೇ ಖಡಕ್ಕಾಗಿ ಇರಲಿ. ಅಲ್ಲಿ ಮೃದುವಾದರೆ ಅಪಾಯ. ಮನಸ್ಸಿದ್ದರೆ ಮಾತ್ರ ಆಗುವ ಕೆಲಸಕ್ಕೆ ಆ ದನಿ ಒಗ್ಗಲ್ಲ. ನಮ್ಮ ಜನವರಿ ಪುಟಕ್ಕೆ ಕೊನೆಯ ಸಾಲೇ ಹೋಯಿತು.