ಐದರ ಸಾಲಿನ ಆಟ: ತೆರೆದ ಮೂರು
(ಮಲಾಡಿನಲ್ಲಿ ಸದಸ್ಯರ ಕೂಟದಲ್ಲಿ ಆಡಿದ ಮಾತು)



ಊರಿನಲ್ಲಿ ಸಾಲುಮನೆ ಆಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಅಲ್ಲಿ ಮೂರು ಕಾಯಿ ಒಂದು ಸಾಲಿಗೆ ಬಂದರೆ ಸಾಕು. ನಾನು ಹೇಳಹೊರಟ ಆಟದಲ್ಲಿ ಐದು ಬರಬೇಕು. ಜಪಾನಿನವರು ಇದನ್ನು ಗೊಮೊಕು ಎನ್ನುತ್ತಾರೆ. ನಮ್ಮ ಖೋಲಿಯಲ್ಲಿ ಇದಕ್ಕೆ ಹಲಗೆಯೂ ಇಲ್ಲ, ಕಾಯಿಯೂ ಇಲ್ಲ. ಚೌಕುಳಿ ಕಾಗದದ ಮೇಲೆ ಅಡ್ಡಕ್ಕೆ 15, ಉದ್ದಕ್ಕೆ 15 ಮನೆ ಎಣಿಸಿಕೊಂಡು, ಒಬ್ಬನು ಗುಣಿಸು ಗುರುತು, ಇನ್ನೊಬ್ಬನು ಸೊನ್ನೆ ಹಾಕುತ್ತಾ ಹೋಗುತ್ತೇವೆ. ಅಡ್ಡ, ಉದ್ದ, ಓರೆ, ಯಾವ ಸಾಲಾದರೂ ಸರಿ, ಮೊದಲು ಐದು ಕೂಡಿಸಿದವನು ಗೆದ್ದ. ಸೋತವನು ಮರುದಿನ ಬೆಳಗಿನ ಜಾವ ನಲ್ಲಿ ಬಂದಾಗ ಎಲ್ಲರ ನೀರು ತುಂಬಬೇಕು. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಇದು ಸಣ್ಣ ಪಣವಲ್ಲ!

ನಾಲ್ಕು ಗುರುತು ಒತ್ತಿಗೆ ನಿಂತು, ಎರಡು ತುದಿಯೂ ಬಯಲಾಗಿದ್ದರೆ ಆಟ ಮುಗಿದಂತೆಯೇ. ಎದುರಾಳಿ ಒಂದು ತುದಿ ಮುಚ್ಚಿದರೆ ಇನ್ನೊಂದರಲ್ಲಿ ಐದಾಗುತ್ತದೆ. ಆದುದರಿಂದ ಎಚ್ಚರವಾಗಬೇಕಾದದ್ದು ಅದಕ್ಕಿಂತ ಒಂದು ಹೆಜ್ಜೆ ಮೊದಲು, ಮೂರರಲ್ಲಿ. ಮುಂದಿನ ಒಂದೇ ಗುರುತಿನಿಂದ ಅಂಥ ನಾಲ್ಕು ಆಗಬಲ್ಲ ಮೂರಕ್ಕೆ ತೆರೆದ ಮೂರು ಎನ್ನುತ್ತೇನೆ.

ಇಲ್ಲಿ ಹೊಸಬರು ಎರಡು ಬಗೆಯಲ್ಲಿ ಮೋಸ ಹೋಗುತ್ತಾರೆ. ಒಂದು, ತೆರೆದಂತೆ ಕಂಡರೂ ತೆರೆದಿರದ ಮೂರು:

○ · × × × · ○

ಎರಡು ಪಕ್ಕದಲ್ಲೂ ಒಂದೊಂದು ಮನೆ ಖಾಲಿ ಇದೆ, ನಿಜ. ಆದರೆ ಎಡಕ್ಕೆ ಹಾಕಿದರೆ ನಾಲ್ಕಾಗಿ ಬಲಗಡೆ ಒಂದೇ ಮನೆ ಉಳಿಯುತ್ತದೆ. ಅದನ್ನು ಮುಚ್ಚಿದರೆ ಮುಗಿಯಿತು. ಸೊನ್ನೆಗಳ ನಡುವೆ ಮೂರು ಗುರುತೂ ಸೇರಿ ಕನಿಷ್ಠ ಆರು ಮನೆಯಿರಬೇಕು. ಐದೇ ಇದ್ದರೆ ಹೆದರಬೇಡಿ. ಇನ್ನೊಂದು, ನಡುವೆ ಸಂದು ಬಿಟ್ಟ ಮೂರು:

· × · × × ·

ಇದು ಕಣ್ಣಿಗೆ ಬೀಳುವುದೇ ಇಲ್ಲ. ಸಂದಿನಲ್ಲಿ ಒಂದು ಬಿದ್ದರೆ ತೆರೆದ ನಾಲ್ಕು ಸಿದ್ಧ. ಓರೆಯಲ್ಲಿದ್ದರಂತೂ ದೇವರೇ ಗತಿ.

ಆದರೆ ಬರೀ ಒಂದು ತೆರೆದ ಮೂರರಿಂದ ಯಾರೂ ಗೆಲ್ಲುವುದಿಲ್ಲ, ಎದುರಾಳಿ ಮುಚ್ಚುತ್ತಾನೆ. ಒಂದೇ ಗುರುತಿನಿಂದ ಎರಡು ಬೆದರಿಕೆ ಹುಟ್ಟಿಸಿದಾಗಲೇ ಗೆಲುವು. ಅಡಿಗೆಮನೆಯ ಒಬ್ಬ ಹುಡುಗ ನನ್ನನ್ನು ಸೋಲಿಸಿದ ರೀತಿಯನ್ನೇ ತೋರಿಸುತ್ತೇನೆ. ಗುಣಿಸು ಅವನದು, ಸೊನ್ನೆ ನನ್ನದು.

· · · · · ಘ ·
· · · · ○ × ·
· · · ○ ○ × ·
· ○ × × × ಕ ಖ
· · · ○ · ಗ ·
· · · · · ಚ ·

ಅವನು ಅಡ್ಡಸಾಲಿನಲ್ಲಿ ತೆರೆದ ಮೂರು ಮಾಡಿದೊಡನೆ ನಾನು ಎಡತುದಿಯನ್ನು ಮುಚ್ಚಿದೆ. ಮುಚ್ಚಿದೆನಲ್ಲ ಎಂದು ಬೀಡಿ ಹಚ್ಚಿದೆ. ಅವನು ಕ ಮನೆಯಲ್ಲಿ ಹಾಕಿದ. ಅಡ್ಡಸಾಲಿನಲ್ಲಿ ನಾಲ್ಕಾಯಿತು. ನಾನು ಖ ಮುಚ್ಚಲೇಬೇಕು, ಬೇರೆ ದಾರಿಯಿಲ್ಲ, ಮುಚ್ಚಿದೆ. ಆಗ ನೋಡುತ್ತೇನೆ, ಅದೇ ಕ ಮನೆಯ ಗುರುತು ಮೇಲಿನ ಎರಡರೊಂದಿಗೆ ಸೇರಿ ಉದ್ದಸಾಲಿನಲ್ಲಿ ತೆರೆದ ಮೂರಾಗಿದೆ! ಅವನು ಗ ಹಾಕಿದ. ಘ ಮುಚ್ಚಿದರೆ ಚ ಇದೆ, ಚ ಮುಚ್ಚಿದರೆ ಘ ಇದೆ. ಪೆನ್ಸಿಲು ಕೆಳಗಿಟ್ಟೆ.

ನನ್ನ ತಪ್ಪು ಮುಚ್ಚಿದ್ದರಲ್ಲಿ ಅಲ್ಲ, ಮುಚ್ಚಿದ ತುದಿಯಲ್ಲಿ. ಮೊದಲೇ ಕ ಮನೆಯಲ್ಲಿ ಸೊನ್ನೆ ಹಾಕಿದ್ದರೆ ಅಡ್ಡಸಾಲಿಗೂ ಉದ್ದಸಾಲಿಗೂ ಒಂದೇ ಬೀಗ ಬೀಳುತ್ತಿತ್ತು, ಆಟ ಇನ್ನೂ ಬಹಳ ಹೊತ್ತು ನಡೆಯುತ್ತಿತ್ತು. ಈಗ ಮೂರಕ್ಕೆ ಉತ್ತರ ಕೊಡುವ ಮೊದಲು ಎರಡು ತುದಿಯ ಮೇಲೂ ಬೆರಳಿಟ್ಟು, ಅಲ್ಲಿಂದ ಅಡ್ಡ, ಉದ್ದ, ಎರಡು ಓರೆ ಹಿಡಿದು ನೋಡುತ್ತೇನೆ. ಅವನ ಜೋಡಿ ಯಾವ ತುದಿಗೆ ಬಂದು ಸೇರುತ್ತದೋ ಆ ತುದಿಯನ್ನೇ ಹಿಡಿಯುತ್ತೇನೆ. ಗೆಲ್ಲಬೇಕಾದಾಗಲೂ ಇದೇ ಲೆಕ್ಕ: ನನ್ನ ಎರಡು ಸಾಲು ಕೂಡುವ ಖಾಲಿ ಮನೆಯನ್ನು ಹುಡುಕುತ್ತೇನೆ.

ಎರಡು ತೆರೆದ ಮೂರನ್ನು ಒಟ್ಟಿಗೆ ಮಾಡಿದರೂ ಸಾಲದೇ ಎಂದು ಕೇಳುವಿರಿ. ಬಹುಮಟ್ಟಿಗೆ ಸಾಕು. ಆದರೆ ಮೂರು ಎಂಬುದು ಒಂದು ಸುತ್ತಿನ ಬಿಡುವು ಕೊಡುವ ಬೆದರಿಕೆ. ಆ ಬಿಡುವಿನಲ್ಲಿ ಎದುರಾಳಿ ತನ್ನದೇ ಮೂರನ್ನು ನಾಲ್ಕು ಮಾಡಿದರೆ ನೀವೇ ಮುಚ್ಚಲು ಓಡಬೇಕು. ಹಾಗೆ ಮುಚ್ಚಿಸುತ್ತಲೇ ಅವನು ನಿಮ್ಮ ಸಾಲಿಗೂ ಅಡ್ಡ ಬರಬಹುದು. ನಾಲ್ಕು-ಮೂರರಲ್ಲಿ ಆ ಉಸಿರು ಅವನಿಗೆ ಸಿಗುವುದು ಕಷ್ಟ. ಹಾಕುವ ಮೊದಲು ಒಂದನ್ನು ಮಾತ್ರ ನೋಡಿಕೊಳ್ಳಿ: ಅವನು ಬಲವಂತದಿಂದ ಮುಚ್ಚುವ ಆ ಮನೆಯಲ್ಲೇ ಅವನಿಗೂ ನಾಲ್ಕು ಆಗಬಾರದು.

ಈ ಆಟದಲ್ಲಿ ಮೊದಲು ಹೂಡಿದವನಿಗೆ ಮೇಲುಗೈ. ತಪ್ಪಿಲ್ಲದೆ ಆಡಿದರೆ 15ರ ಹಲಗೆಯಲ್ಲಿ ಅವನದೇ ಗೆಲುವೆಂದು ಹಾಲೆಂಡಿನ ವಿಕ್ಟರ್ ಆಲಿಸ್ 1994ರಲ್ಲಿ ಕಂಪ್ಯೂಟರಿನಿಂದ ಸಾಧಿಸಿ ತೋರಿಸಿದರು. ರೆಂಜು ಎಂಬ ಜಪಾನೀ ಪದ್ಧತಿಯಲ್ಲಿ ಮೊದಲಿನವನು ಮೂರು-ಮೂರು, ನಾಲ್ಕು-ನಾಲ್ಕು ಮಾಡುವುದೇ ನಿಷಿದ್ಧ. ನಾಲ್ಕು-ಮೂರು ಮಾತ್ರ ಸಲ್ಲುತ್ತದೆ. ನಮ್ಮ ಖೋಲಿಯಲ್ಲಿ ಅಷ್ಟು ಕಟ್ಟುಪಾಡಿಲ್ಲ. ಹಿಂದಿನ ರಾತ್ರಿ ನೀರು ತುಂಬಿದವನು ಮೊದಲು ಹೂಡುತ್ತಾನೆ, ಅಷ್ಟೇ. ನಾಳೆ ಹೂಡುವವನು ನಾನು.